ಆಫೀಸ್ ಕೆಲಸಕ್ಕೆ ಮಂಗಳೂರಿಗೆ ಬಂದು, ಹಾಗೇ ಉಡುಪಿಯಲ್ಲಿ ಎರಡು ದಿನ ಉಳಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಗಳೂರಿನ ಬೈಕಂಪಾಡಿಯ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಬೇರೆ ಊರಿನ ಶಾಖೆಗಳಿಂದ ಇಲ್ಲಿಗೆ ಕೆಲಸಕ್ಕೆ ಬರುವವರ ಪ್ರಯಾಣದ ಬಿಲ್ಲುಗಳೆಲ್ಲ ನನ್ನ ಮೇಜಿಗೇ ಬರುತ್ತವೆ. ಬಂದವರಲ್ಲಿ ತುಂಬ ಜನ ಮೊದಲ ದಿನವೇ ಕೇಳುತ್ತಾರೆ: "ಇಷ್ಟು ದೂರ ಬಂದಿದ್ದೇನೆ, ಕೃಷ್ಣ ಮಠ, ಮಲ್ಪೆ ನೋಡಿಕೊಂಡು ಹೋದರೆ ಆಫೀಸಿನವರು ಏನಾದರೂ ಹೇಳ್ತಾರಾ?" ಖಂಡಿತ ಹೋಗಿ ಬನ್ನಿ. ಆದರೆ ಅದರ ಹಿಂದೆಯೇ ಬರುವ ದುಡ್ಡು, ರಜೆ, ವಿಮೆಯ ಪ್ರಶ್ನೆಗಳಿಗೆ ಮೊದಲೇ ಉತ್ತರ ಗೊತ್ತಿದ್ದರೆ ಒಳ್ಳೆಯದು. ಅದಕ್ಕೇ ಇದನ್ನು ಬರೆದಿದ್ದೇನೆ.

ಉದಾಹರಣೆಗೆ ಒಂದೇ ಪ್ರಯಾಣವನ್ನು ಕೊನೆಯವರೆಗೂ ಇಟ್ಟುಕೊಳ್ಳುತ್ತೇನೆ. ಬೆಂಗಳೂರಿನ ಒಬ್ಬ ಸರ್ವಿಸ್ ಇಂಜಿನಿಯರ್ ಮಂಗಳವಾರ ರಾತ್ರಿ ಬಸ್ಸು ಹತ್ತುತ್ತಾರೆ. ಬುಧವಾರ, ಗುರುವಾರ, ಶುಕ್ರವಾರ ಬೈಕಂಪಾಡಿಯಲ್ಲಿ ಕೆಲಸ. ಶುಕ್ರವಾರ ಸಂಜೆ 6 ಗಂಟೆಗೆ ಕೆಲಸ ಮುಗಿಯುತ್ತದೆ. ಹೆಂಡತಿ, ಮಗಳು ಶನಿವಾರ ಬೆಳಿಗ್ಗೆ ಉಡುಪಿಗೆ ಬಂದಿಳಿಯುತ್ತಾರೆ. ಮೂವರೂ ಎರಡು ಮೂರು ದಿನ ಇದ್ದು ಹೋಗುವ ಯೋಚನೆ. ಅಂಕಿಗಳನ್ನು ಲೆಕ್ಕ ಅರ್ಥವಾಗಲಿ ಅಂತ ಇಟ್ಟಿದ್ದೇನೆ. ನಿಮ್ಮ ವಾರದ ದರ ಬೇರೆ ಇರುತ್ತದೆ.

ಯಾವ ಖರ್ಚು ಆಫೀಸಿನದು, ಯಾವುದು ನನ್ನದು? ಇದನ್ನು ತೀರ್ಮಾನಿಸುವುದು ಹೇಗೆ?

ಪ್ರತಿ ಬಿಲ್ಲಿಗೂ ಒಂದೇ ಪ್ರಶ್ನೆ ಕೇಳಿ: "ನಾನು ಉಳಿಯದೇ ಇದ್ದಿದ್ದರೆ ಈ ಖರ್ಚು ಆಗುತ್ತಿತ್ತಾ?" ಆಗುತ್ತಿತ್ತು ಎಂದರೆ ಆಫೀಸಿನದು. ಇಲ್ಲ ಎಂದರೆ ನಿಮ್ಮದು.

ನಮ್ಮ ಇಂಜಿನಿಯರ್ ಉಡುಪಿಗೆ ಹೋಗದಿದ್ದರೆ ಶುಕ್ರವಾರ ರಾತ್ರಿ ಊಟ ಮಾಡಿ ಮಂಗಳೂರಿನಿಂದ ಬಸ್ಸು ಹತ್ತುತ್ತಿದ್ದರು. ಹಾಗಾಗಿ ಶುಕ್ರವಾರ ರಾತ್ರಿಯ ಊಟ ಆಫೀಸಿನ ಭತ್ಯೆಯಲ್ಲಿ ಬರುತ್ತದೆ. ಅದನ್ನು ಬಿಟ್ಟುಕೊಡಬೇಕಾಗಿಲ್ಲ. ಶನಿವಾರ ಬೆಳಗಿನ ಗೋಳಿಬಜೆ ಅವರ ಕೈಯಿಂದ.

ಕೆಲವರು ಕ್ಯಾಲೆಂಡರ್ ನೋಡಿ "ಶುಕ್ರವಾರದ ಮಧ್ಯರಾತ್ರಿವರೆಗೆ ಆಫೀಸು" ಎಂದು ಗೆರೆ ಹಾಕುತ್ತಾರೆ. ಅದು ಸರಿಯಲ್ಲ. ವಾಪಸ್ ಪ್ರಯಾಣವೂ ಕೆಲಸದ ಭಾಗವೇ. ಸೋಮವಾರ ಹೋಗಲಿ, ಮಂಗಳವಾರ ಹೋಗಲಿ, ಮನೆ ಸೇರಿಸುವ ಜವಾಬ್ದಾರಿ ಆಫೀಸಿನದೇ ಆಗಿರುತ್ತದೆ. ಎಷ್ಟು ದುಡ್ಡಿನವರೆಗೆ ಎಂಬುದು ಮಾತ್ರ ಪ್ರಶ್ನೆ.

ಯಾರಿಗೆ ಹೇಳಬೇಕು? ಬಾಯಿ ಮಾತಿನಲ್ಲಿ ಕೇಳಿದರೆ ಸಾಕಾ?

ಸಾಕಾಗುವುದಿಲ್ಲ. ಟಿಕೆಟ್ ಮಾಡಿಸುವ ಮೊದಲು ಒಂದು ಮೇಲ್ ಹಾಕಿ, ಉತ್ತರ ಬಂದ ಮೇಲೆ ಟಿಕೆಟ್ ಮಾಡಿಸಿ. ಮೇಲಧಿಕಾರಿಗೆ ಕಳಿಸಿ, ಎಚ್.ಆರ್. ಮತ್ತು ಅಕೌಂಟ್ಸ್‌ಗೆ ಪ್ರತಿ ಹಾಕಿ. ಉದ್ದ ಬರೆಯಬೇಕಾಗಿಲ್ಲ. ನನಗೆ ಬಂದ ಮೇಲ್‌ಗಳಲ್ಲಿ ತಕರಾರೇ ಬಾರದ ಒಂದು ಹೀಗಿತ್ತು:

"ಬುಧವಾರದಿಂದ ಶುಕ್ರವಾರದವರೆಗೆ ಬೈಕಂಪಾಡಿಯಲ್ಲಿ ಕೆಲಸ. ಶುಕ್ರವಾರ ರಾತ್ರಿ ಮಂಗಳೂರಿನಿಂದ ವಾಪಸ್ ಬರುವ ಬದಲು, ಸೋಮವಾರ ಒಂದು ದಿನ ರಜೆ ಹಾಕಿ, ಆ ರಾತ್ರಿ ಉಡುಪಿಯಿಂದ ಬಸ್ಸು ಹತ್ತುತ್ತೇನೆ. ಮಂಗಳವಾರ ಆಫೀಸಿಗೆ ಬರುತ್ತೇನೆ. ಶುಕ್ರವಾರ ರಾತ್ರಿಯ ಊಟದ ನಂತರದ ವಸತಿ, ಊಟ, ಓಡಾಟ ನನ್ನ ಖರ್ಚು. ಶುಕ್ರವಾರದ ಬಸ್ ದರ 1,100 ರೂಪಾಯಿ, ಇವತ್ತಿನ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಅದಕ್ಕಿಂತ ಜಾಸ್ತಿ ಆದರೆ ನಾನು ಕೊಡುತ್ತೇನೆ."

ಇದರಲ್ಲಿ ಕೆಲಸ ಮುಗಿಯುವ ಹೊತ್ತು ಇದೆ, ರಜೆ ಇದೆ, ದರ ಇದೆ. ಮುಂದೆ ವಿಮೆಯ ಪ್ರಶ್ನೆ ಬಂದರೂ ಇದೇ ಕಾಗದ ಉಪಯೋಗಕ್ಕೆ ಬರುತ್ತದೆ.

ವಾಪಸ್ ಟಿಕೆಟ್ ದರ ಬೇರೆ ಆದರೆ ವ್ಯತ್ಯಾಸ ಯಾರು ಕೊಡಬೇಕು?

ಅತಿ ಹೆಚ್ಚು ಜಗಳ ಆಗುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ಇಂಜಿನಿಯರ್ ಟಿಕೆಟ್ ಮಾಡಿಸುವ ದಿನ ಮೂರು ದರ ನೋಡಿದರು ಅಂದುಕೊಳ್ಳಿ. ಶುಕ್ರವಾರ ರಾತ್ರಿ ಮಂಗಳೂರಿನಿಂದ ಬೆಂಗಳೂರಿಗೆ ಸ್ಲೀಪರ್ ಬಸ್ಸು 1,100 ರೂಪಾಯಿ. ಭಾನುವಾರ ರಾತ್ರಿ ಉಡುಪಿಯಿಂದ 1,900. ಸೋಮವಾರ ರಾತ್ರಿ ಉಡುಪಿಯಿಂದ 1,150. ಊರಿಗೆ ಬಂದವರೆಲ್ಲ ಭಾನುವಾರ ರಾತ್ರಿಯೇ ಬೆಂಗಳೂರಿಗೆ ಹೊರಡುತ್ತಾರೆ. ಅವತ್ತು ಖಾಸಗಿ ಬಸ್ಸಿನ ದರ ಏರುವುದು ಇಲ್ಲಿಯವರಿಗೆಲ್ಲ ಗೊತ್ತಿರುವ ವಿಷಯ.

ಆಫೀಸು ಕೊಡುವುದು ಎರಡರಲ್ಲಿ ಕಡಿಮೆ ಇರುವುದನ್ನು: ಉಳಿಯದೇ ಹೋಗಿದ್ದರೆ ಆಗುತ್ತಿದ್ದ 1,100, ಅಥವಾ ನಿಜವಾಗಿ ಆದ ಟಿಕೆಟ್ ದರ. ಭಾನುವಾರ ಹೊರಟರೆ 800 ರೂಪಾಯಿ ಅವರ ಕೈಯಿಂದ. ಸೋಮವಾರ ಹೊರಟರೆ 50 ರೂಪಾಯಿ ಮಾತ್ರ, ಆದರೆ ಒಂದು ರಜೆ ಹೋಗುತ್ತದೆ. ಹೆಂಡತಿ, ಮಗಳ ಟಿಕೆಟ್ಟೂ ಸೇರಿದರೆ ಭಾನುವಾರದ ಪ್ರಯಾಣ ಮೂರು ಸೀಟಿಗೆ 5,700. ಸೋಮವಾರಕ್ಕೆ 3,450. ಒಂದು ರಜೆಗೆ 2,250 ರೂಪಾಯಿ ಉಳಿತಾಯ, ಜೊತೆಗೆ ಒಂದು ದಿನ ಹೆಚ್ಚು. ಅವರು ಸೋಮವಾರ ಆರಿಸಿಕೊಂಡರು. ನಾನಾದರೂ ಅದನ್ನೇ ಆರಿಸುತ್ತಿದ್ದೆ.

ಇಲ್ಲಿ ಸ್ಕ್ರೀನ್‌ಶಾಟ್ ಮುಖ್ಯ. ಹೋಲಿಕೆಯ ದರವನ್ನು ನಿಮ್ಮ ಟಿಕೆಟ್ ಮಾಡಿಸಿದ ದಿನವೇ, ಅದೇ ಬಗೆಯ ಬಸ್ಸಿನಲ್ಲಿ ತೆಗೆದಿರಬೇಕು. ಎರಡು ವಾರದ ನಂತರ ಬಿಲ್ ಹಾಕುವಾಗ ಹುಡುಕಿದರೆ ಆ ಶುಕ್ರವಾರದ ದರ ಎಲ್ಲೂ ಸಿಗುವುದಿಲ್ಲ. ಆಗ ಅಕೌಂಟ್ಸ್‌ನವರು ತಮಗೆ ತೋಚಿದ ದರ ಹಾಕುತ್ತಾರೆ. ಒಬ್ಬರು ಸಾದಾ ಸೀಟಿನ ಬಸ್ಸಿನಲ್ಲಿ ವಾಪಸ್ ಹೋಗಿ, ಹೋಲಿಕೆಗೆ ಎ.ಸಿ. ಸ್ಲೀಪರ್ ದರ ಕೊಟ್ಟಿದ್ದರು. ಅದನ್ನು ನಾನು ಒಪ್ಪಲಿಲ್ಲ.

ಬಜ್ಪೆಯಿಂದ ವಿಮಾನದಲ್ಲಿ ಹೋಗುವವರಿಗೂ ಲೆಕ್ಕ ಇದೇ. ಹೋಗುವ ಬರುವ ಟಿಕೆಟ್ ಒಟ್ಟಿಗೆ ಇದ್ದರೆ, ಹೋಲಿಕೆಯೂ ಒಟ್ಟು ದರದ ಮೇಲೇ ಇರಲಿ. ವಾಪಸ್ ದಿನ ಬದಲಿಸಿದ ಶುಲ್ಕ ಪೂರ್ತಿ ನಿಮ್ಮದು.

ಉಳಿದ ಮೇಲೆ ಟಿಕೆಟ್ ಅಗ್ಗವಾಯಿತು. ಉಳಿದ ದುಡ್ಡು ನನಗೆ ಸಿಗುತ್ತದಾ?

ಇಲ್ಲ. ಆಗಿರುವ ಖರ್ಚಿಗೆ ಮಾತ್ರ ಆಫೀಸು ದುಡ್ಡು ಕೊಡುತ್ತದೆ.

ಶುಕ್ರವಾರ ಕೆಲಸ ಮುಗಿಯುವಾಗ ಸಂಜೆ ಆಗಿತ್ತು. ಆ ರಾತ್ರಿಯ ರೂಮು ಆಫೀಸಿನದಲ್ವಾ?

ನಿಮ್ಮ ಆಫೀಸಿನ ಪ್ರಯಾಣ ನಿಯಮ ಏನು ಹೇಳುತ್ತದೆ ನೋಡಬೇಕು. ರಾತ್ರಿ ಬಸ್ಸು ಹತ್ತುವುದೇ ರೂಢಿಯಾದ ಕಡೆ ಆ ರೂಮು ನಿಮ್ಮದು. ಉಳಿಯದಿದ್ದರೆ ಆ ರಾತ್ರಿ ಬಸ್ಸಿನಲ್ಲಿ ಕಳೆಯುತ್ತಿತ್ತು.

ಆದರೆ ಕೆಲವು ಸಂಸ್ಥೆಗಳಲ್ಲಿ ದಿನಪೂರ್ತಿ ಕೆಲಸ ಮಾಡಿದವರನ್ನು ರಾತ್ರಿ ಪ್ರಯಾಣಕ್ಕೆ ಕಳಿಸುವುದಿಲ್ಲ, ಮರುದಿನ ಬೆಳಿಗ್ಗೆ ಹೊರಡಬಹುದು ಎಂದಿರುತ್ತದೆ. ಅಂಥ ಕಡೆ ಶುಕ್ರವಾರದ ರೂಮು ಆಫೀಸಿನದೇ. ಅದನ್ನು ಮಂಗಳೂರಿನ ಬದಲು ಉಡುಪಿಯಲ್ಲಿ ತೆಗೆದುಕೊಂಡರೂ ಮಂಗಳೂರಿನ ಮಿತಿಯವರೆಗೆ ಕೇಳಬಹುದು. ಕೇಳಲು ಸಂಕೋಚ ಬೇಡ, ಮೇಲ್‌ನಲ್ಲಿ ಮೊದಲೇ ಬರೆದಿರಿ ಅಷ್ಟೆ.

ಹೋಟೆಲ್ ಬಿಲ್ ಹೇಗೆ ಮಾಡಿಸಬೇಕು?

ಎರಡು ಬೇರೆ ಬಿಲ್. ಮೊದಲನೆಯದು ಆಫೀಸಿನ ರಾತ್ರಿಗಳಿಗೆ, ಆಫೀಸಿನ ಹೆಸರು ಮತ್ತು ಜಿ.ಎಸ್.ಟಿ. ಸಂಖ್ಯೆ ಹಾಕಿಸಿ. ಎರಡನೆಯದು ನಿಮ್ಮ ಹೆಸರಲ್ಲಿ, ನಿಮ್ಮ ದುಡ್ಡಿನಲ್ಲಿ. ನಮ್ಮ ಇಂಜಿನಿಯರ್‌ಗೆ ಇದು ಸುಲಭವಾಯಿತು, ಊರೇ ಬೇರೆ. ಬುಧವಾರ, ಗುರುವಾರ ಎರಡು ರಾತ್ರಿ ಮಂಗಳೂರಿನಲ್ಲಿ, ದಿನಕ್ಕೆ 2,800 ರೂಪಾಯಿ. ಶೇಕಡಾ 5 ಜಿ.ಎಸ್.ಟಿ. ಸೇರಿ 2,940. ಎರಡು ರಾತ್ರಿಗೆ 5,880. ಅಷ್ಟೇ ಬಿಲ್ ನನ್ನ ಬಳಿ ಬಂತು.

ಒಂದೇ ಹೋಟೆಲಿನಲ್ಲಿ ಉಳಿಯುವವರು ಆಫೀಸಿನ ದಿನ ಮುಗಿದಾಗ ಲೆಕ್ಕ ಮುಗಿಸಿ, ಬಿಲ್ ಪಡೆದು, ಮತ್ತೆ ಹೊಸದಾಗಿ ಎಂಟ್ರಿ ಮಾಡಿಸಿ. ರೂಮು ಬದಲಿಸಬೇಕಾಗಿಲ್ಲ. ಐದು ರಾತ್ರಿಯ ಒಂದೇ ಬಿಲ್ ತಂದು "ಇದರಲ್ಲಿ ಎರಡು ದಿನದ್ದು ಕೊಡಿ" ಎಂದರೆ ಊಟ, ಲಾಂಡ್ರಿ ಎಲ್ಲ ಕಲಸಿಹೋಗಿರುತ್ತದೆ. ಒಂದೊಂದೇ ಸಾಲು ಬಿಡಿಸುತ್ತ ಕೂರಬೇಕಾಗುತ್ತದೆ.

ಆಫೀಸಿನ ದಿನಗಳಲ್ಲೇ ಮನೆಯವರು ಬಂದು ನನ್ನ ರೂಮಿನಲ್ಲಿ ಇರಬಹುದಾ?

ಹೆಚ್ಚಿನ ಕಡೆ ಒಪ್ಪುತ್ತಾರೆ, ಕೇಳಿ ಮಾಡಿ. ಒಬ್ಬರಿಗೆ ಮತ್ತು ಇಬ್ಬರಿಗೆ ರೂಮಿನ ದರ ಬೇರೆ ಇದ್ದರೆ ವ್ಯತ್ಯಾಸ ನಿಮ್ಮದು. ಒಬ್ಬರಿಗೆ 2,800, ಇಬ್ಬರಿಗೆ 3,200 ಇದ್ದರೆ ತೆರಿಗೆ ಸೇರಿ 420 ರೂಪಾಯಿ ನೀವು ಕೊಡಬೇಕು. ಬುಕ್ ಮಾಡುವಾಗ ಒಬ್ಬರ ದರವೂ ಕಾಣುವ ಚಿತ್ರ ಉಳಿಸಿಕೊಳ್ಳಿ. ಎಕ್ಸ್‌ಟ್ರಾ ಹಾಸಿಗೆ, ಅವರ ಊಟ ನಿಮ್ಮದು.

ಆಫೀಸಿನ ಟ್ಯಾಕ್ಸಿಯಲ್ಲೇ ಉಡುಪಿಗೆ ಬಿಡಿಸಿಕೊಳ್ಳಬಹುದಾ?

ಮಂಗಳೂರಿನಿಂದ ಉಡುಪಿಗೆ ಹೆದ್ದಾರಿ 66ರಲ್ಲಿ ಸುಮಾರು 60 ಕಿಲೋಮೀಟರ್. ಬೈಕಂಪಾಡಿ ಅದೇ ದಾರಿಯಲ್ಲಿದೆ. ಹಾಗಾಗಿ "ದಾರಿಯಲ್ಲೇ ಅಲ್ವಾ, ಸ್ವಲ್ಪ ಮುಂದೆ ಬಿಡಿ" ಎಂದು ಡ್ರೈವರ್‌ಗೆ ಹೇಳುವುದು ಸುಲಭ. ಆದರೆ ಆ ಟ್ಯಾಕ್ಸಿ ಖಾಲಿ ವಾಪಸ್ ಬರಬೇಕು. ಕಿಲೋಮೀಟರ್, ಹೆಜಮಾಡಿಯ ಟೋಲು, ಡ್ರೈವರ್ ಬಾಟಾ ಎಲ್ಲ ಆಫೀಸಿನ ಬಿಲ್ಲಿಗೆ ಸೇರುತ್ತದೆ. ಗೇಟಿನ ಹೊರಗೆ ಬಂದರೆ ಉಡುಪಿ ಕಡೆ ಹೋಗುವ ಎಕ್ಸ್‌ಪ್ರೆಸ್ ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತವೆ. ಅದರಲ್ಲಿ ಹೋಗಿ.

ಎಷ್ಟು ರಜೆ ಕಡಿತವಾಗುತ್ತದೆ? ಶನಿವಾರ, ಭಾನುವಾರವೂ ರಜೆ ಎಂದು ಹಿಡಿಯುತ್ತಾರಾ?

ನಮ್ಮ ಇಂಜಿನಿಯರ್‌ಗೆ ಹೋದದ್ದು ಸೋಮವಾರದ ಒಂದೇ ರಜೆ. ಶುಕ್ರವಾರದವರೆಗೆ ಅವರು ಓ.ಡಿ., ಅಂದರೆ ಆಫೀಸ್ ಕೆಲಸದ ಮೇಲೆ ಹೊರಗೆ. ಶನಿವಾರ, ಭಾನುವಾರ ವಾರದ ರಜೆ.

ಆದರೆ ಕೆಲವು ಸಂಸ್ಥೆಗಳಲ್ಲಿ ಸ್ಯಾಂಡ್‌ವಿಚ್ ನಿಯಮ ಇದೆ. ವಾರದ ರಜೆಯ ಎರಡೂ ಕಡೆ ನೀವು ರಜೆ ಹಾಕಿದ್ದರೆ ನಡುವಿನ ಎರಡು ದಿನವೂ ರಜೆಯ ಲೆಕ್ಕಕ್ಕೆ ಸೇರುತ್ತದೆ. ಶುಕ್ರವಾರ ಓ.ಡಿ. ಎಂದು ಹಾಜರಿಯಲ್ಲಿ ನಮೂದಾಗಿದ್ದರೆ ಅದು ಕೆಲಸದ ದಿನ. ಆಗ ನಿಯಮ ತಾಗುವುದಿಲ್ಲ. ತೊಂದರೆ ಬರುವುದು ಓ.ಡಿ. ಹಾಕಲು ಮರೆತಾಗ. ಕಂಪ್ಯೂಟರ್‌ಗೆ ಶುಕ್ರವಾರ ಗೈರುಹಾಜರಿ ಎಂದು ಕಾಣುತ್ತದೆ, ಸೋಮವಾರ ರಜೆ ಎಂದು ಕಾಣುತ್ತದೆ, ನಾಲ್ಕು ದಿನ ಕತ್ತರಿಸುತ್ತದೆ. ತಿಂಗಳ ಕೊನೆಯಲ್ಲಿ ಸಂಬಳದ ಚೀಟಿ ನೋಡಿ ಫೋನ್ ಮಾಡುವವರಲ್ಲಿ ತುಂಬ ಮಂದಿಯ ಕಥೆ ಇದೇ. ಹೊರಡುವ ಮೊದಲೇ ಮೂರೂ ದಿನಕ್ಕೆ ಓ.ಡಿ. ಹಾಕಿ, ಮಂಜೂರಾಗಿದೆಯೇ ನೋಡಿಕೊಳ್ಳಿ.

ಇನ್ನೊಂದು ಪ್ರಶ್ನೆ ಬರುತ್ತದೆ: ಸೋಮವಾರ ಹಗಲಿನಲ್ಲಿ ಪ್ರಯಾಣ ಮಾಡಿದರೆ ಅದು ಕೆಲಸದ ದಿನವೇ? ಅಲ್ಲ. ಶುಕ್ರವಾರ ಹೊರಟಿದ್ದರೆ ಸೋಮವಾರ ನೀವು ಆಫೀಸಿನಲ್ಲಿ ಇರುತ್ತಿದ್ದಿರಿ. ಹಾಗಾಗಿ ಅದು ರಜೆಯೇ. ರಾತ್ರಿ ಬಸ್ಸಿನ ಅನುಕೂಲ ಇದು, ಹಗಲು ಪೂರ್ತಿ ನಿಮ್ಮ ಕೈಯಲ್ಲಿರುತ್ತದೆ.

ರಜೆಯ ದಿನ ಕಾರ್ಖಾನೆಯಿಂದ ಫೋನ್ ಬಂತು. ವಾಪಸ್ ಹೋಗಿ ಕೆಲಸ ಮಾಡಿದೆ. ಈಗ?

ಆ ದಿನ ಮತ್ತೆ ಆಫೀಸಿನದಾಗುತ್ತದೆ. ಉಡುಪಿಯಿಂದ ಹೋಗಿ ಬರುವ ಖರ್ಚು, ಆ ದಿನದ ಭತ್ಯೆ ಕೇಳಿ. ರಜೆ ವಾಪಸ್ ಪಡೆಯಿರಿ. ಭಾನುವಾರವಾದರೆ ಬದಲಿ ರಜೆ ಕೇಳಿ. ಆದರೆ ಹೊರಡುವ ಮೊದಲು ಕರೆದವರಿಂದ ಒಂದು ಸಾಲಿನ ಮೆಸೇಜ್ ತರಿಸಿಕೊಳ್ಳಿ: "ಇವತ್ತು 11 ಗಂಟೆಗೆ ಬೈಕಂಪಾಡಿಗೆ ಬನ್ನಿ." ಆ ಮೆಸೇಜ್ ಇದ್ದರೆ ದಾರಿಯಲ್ಲಿ ಅಪಘಾತ ಆದರೂ ನೀವು ಕೆಲಸದ ಮೇಲಿದ್ದಿರಿ ಎಂದು ತೋರಿಸಬಹುದು.

ಮಳೆಗಾಲದಲ್ಲಿ ಘಾಟಿ ಬಂದ್ ಆಗಿ ಒಂದು ದಿನ ತಡವಾದರೆ ಯಾರ ಹೊಣೆ?

ಇದು ಊಹೆಯ ಪ್ರಶ್ನೆ ಅಲ್ಲ. ಜೂನ್‌ನಿಂದ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿಯುವ ಭಯ ಇದ್ದೇ ಇದೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಹತ್ತಿರ ರೈಲು ಹಳಿಯ ಕೆಳಗಿನ ಮಣ್ಣೇ ಕುಸಿದು, ಮಂಗಳೂರು ಬೆಂಗಳೂರು ರೈಲುಗಳು ದಿನಗಟ್ಟಲೆ ನಿಂತಿದ್ದವು. ಜೋರು ಮಳೆಗೆ ಬಜ್ಪೆಯಲ್ಲಿ ಇಳಿಯಲಾರದೆ ವಿಮಾನ ಬೇರೆ ಊರಿಗೆ ಹೋಗುವುದೂ ಉಂಟು.

ಅದೇ ಪ್ರಶ್ನೆ ಕೇಳಿ: ಉಳಿಯದೇ ಇದ್ದಿದ್ದರೆ ಸಿಕ್ಕಿಹಾಕಿಕೊಳ್ಳುತ್ತಿದ್ದಿರಾ? ಘಾಟಿ ಸೋಮವಾರ ಬಂದ್ ಆಯಿತು, ಶುಕ್ರವಾರ ತೆರೆದಿತ್ತು ಎಂದರೆ ತಡವಾದ ದಿನದ ರೂಮು, ರಜೆ ನಿಮ್ಮದು. ಶುಕ್ರವಾರ ಮಧ್ಯಾಹ್ನವೇ ಬಂದ್ ಆಗಿ ಭಾನುವಾರ ತೆರೆದಿದ್ದರೆ, ಉಳಿಯುವ ಯೋಚನೆ ಇಲ್ಲದವರೂ ಸಿಕ್ಕಿಬೀಳುತ್ತಿದ್ದರು. ಆಗ ಆ ರಾತ್ರಿಗಳ ರೂಮನ್ನು ಆಫೀಸಿನಿಂದ ಕೇಳುವುದು ನ್ಯಾಯವೇ. ಬಸ್ಸು ರದ್ದಾದ ಮೆಸೇಜ್ ಅಳಿಸಬೇಡಿ. ಮಳೆಗಾಲದಲ್ಲಿ ಮರುದಿನ ಬೆಳಿಗ್ಗೆ ಮುಖ್ಯವಾದ ಮೀಟಿಂಗ್ ಇರುವವರು ಕೊನೆಯ ರಾತ್ರಿಯ ಬಸ್ಸನ್ನು ನಂಬಬೇಡಿ. ಒಂದು ದಿನ ಮೊದಲೇ ಹೊರಡಿ.

ರಜೆಯ ದಿನ ಏನಾದರೂ ಆದರೆ ಆಫೀಸಿನ ವಿಮೆ ಸಿಗುತ್ತದಾ?

"ಆಫೀಸಿನ ವಿಮೆ" ಎಂದು ಒಂದೇ ಹೆಸರಿನಲ್ಲಿ ಕರೆಯುತ್ತೇವೆ. ನಿಜವಾಗಿ ಅವು ಮೂರು, ಮೂರಕ್ಕೂ ಗೆರೆ ಬೇರೆ ಬೇರೆ.

ಮೊದಲನೆಯದು ಗುಂಪು ಆರೋಗ್ಯ ವಿಮೆ, ಆಸ್ಪತ್ರೆ ಕಾರ್ಡು. ಇದಕ್ಕೆ ಕೆಲಸದ ದಿನ, ರಜೆಯ ದಿನ ಎಂಬ ಭೇದ ಇಲ್ಲ. ಭಾರತದಲ್ಲಿ ಎಲ್ಲಿ ದಾಖಲಾದರೂ ನಡೆಯುತ್ತದೆ. ಮಂಗಳೂರು, ಮಣಿಪಾಲದಲ್ಲಿ ದೊಡ್ಡ ಆಸ್ಪತ್ರೆಗಳು ಬೇಕಾದಷ್ಟಿವೆ. ನಿಮ್ಮ ಕಾರ್ಡಿಗೆ ಎಲ್ಲಿ ನಗದುರಹಿತ ಚಿಕಿತ್ಸೆ ಇದೆ ಎಂದು ಹೊರಡುವ ಮೊದಲೇ ನೋಡಿಕೊಳ್ಳಿ. ಮನೆಯವರ ಹೆಸರು ಪಾಲಿಸಿಯಲ್ಲಿದ್ದರೆ ಅವರಿಗೂ ಸಿಗುತ್ತದೆ.

ಎರಡನೆಯದು ಗುಂಪು ಅಪಘಾತ ವಿಮೆ. ಸಾವು, ಅಂಗವೈಕಲ್ಯ, ಕೆಲವು ಪಾಲಿಸಿಗಳಲ್ಲಿ ಕೆಲಸಕ್ಕೆ ಬರಲಾಗದ ವಾರಗಳಿಗೆ ಇಂತಿಷ್ಟು ಎಂದು ದುಡ್ಡು ಕೊಡುವಂಥದ್ದು. ಇಲ್ಲಿ ಸರಿಯಾಗಿ ಓದಬೇಕು. ಕೆಲವು ಸಂಸ್ಥೆಗಳು 24 ಗಂಟೆಯ ಪಾಲಿಸಿ ತೆಗೆದುಕೊಂಡಿರುತ್ತವೆ, ಕೆಲವು ಕೆಲಸದ ಹೊತ್ತಿಗೆ ಮಾತ್ರ. ಎರಡನೆಯದಕ್ಕೆ ಪ್ರೀಮಿಯಂ ಕಡಿಮೆ.

ಈ ವ್ಯತ್ಯಾಸ ನನಗೆ ಅರ್ಥವಾದದ್ದು ನನ್ನ ಹಿಂದಿನ ಕೆಲಸದಲ್ಲಿ. ಹೊರ ಊರಿನಿಂದ ಬಂದಿದ್ದ ಸಹೋದ್ಯೋಗಿಯೊಬ್ಬರು ಶನಿವಾರ ಸಂಜೆ ಕಾಪು ಲೈಟ್‌ಹೌಸ್ ಕೆಳಗಿನ ಬಂಡೆಯ ಮೇಲೆ ಜಾರಿಬಿದ್ದರು. ಆ ಬಂಡೆಗೆ ಅಲೆ ಬಡಿಯುವ ಕಡೆ ಹಸಿರು ಪಾಚಿ ಕಟ್ಟಿರುತ್ತದೆ, ಚಪ್ಪಲಿ ನಿಲ್ಲುವುದಿಲ್ಲ. ಬಲ ಮಣಿಕಟ್ಟು ಮುರಿಯಿತು. ಆಸ್ಪತ್ರೆ ಖರ್ಚು ಕಾರ್ಡಿನಲ್ಲಿ ಮುಗಿಯಿತು. ಆರು ವಾರ ಕೈ ಎತ್ತಲಾಗಲಿಲ್ಲ. ಅಪಘಾತ ವಿಮೆಯ ಅರ್ಜಿ ನಾನೇ ತುಂಬಿಸಿ ಕಳಿಸಿದೆ. ಅದು ಕೆಲಸದ ಹೊತ್ತಿನ ಪಾಲಿಸಿಯಾಗಿತ್ತು. ಅರ್ಜಿ ತಿರಸ್ಕೃತವಾಗಿ ಬಂತು. ಅವರಿಗೆ ಮೊದಲೇ ಹೇಳಬೇಕಿತ್ತು ಎಂದು ಇವತ್ತಿಗೂ ನನಗೆ ಬೇಸರ ಇದೆ. ಆಮೇಲಿಂದ ಉಳಿಯುತ್ತೇನೆ ಎಂದವರಿಗೆಲ್ಲ ನಮ್ಮ ಪಾಲಿಸಿಯ ಆ ಸಾಲು ತೋರಿಸಿಯೇ ಕಳಿಸುತ್ತೇನೆ.

ನೀವೂ ಎಚ್.ಆರ್.ನವರನ್ನು ಹೀಗೆ ಕೇಳಿ: "ನಮ್ಮ ಅಪಘಾತ ವಿಮೆ 24 ಗಂಟೆಯದ್ದಾ, ಕೆಲಸದ ಹೊತ್ತಿನದ್ದಾ?" ಕೆಲಸದ ಹೊತ್ತಿನದ್ದು ಎಂದರೆ ಸ್ವಂತಕ್ಕೆ ಒಂದು ಅಪಘಾತ ವಿಮೆ ಮಾಡಿಸಿ. ವರ್ಷಪೂರ್ತಿ ನಡೆಯುವುದು ಸಾಕು, ಪ್ರವಾಸಕ್ಕೆಂದೇ ಬೇರೆ ಬೇಕಾಗಿಲ್ಲ.

ಮೂರನೆಯದು ಕಾನೂನಿನ ಪರಿಹಾರ. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ, ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಇರುವ ಮಾತು ಇದು: ಅಪಘಾತ ಕೆಲಸದಿಂದಾಗಿ ಮತ್ತು ಕೆಲಸದ ನಡುವೆ ಆಗಿರಬೇಕು. ಬೈಕಂಪಾಡಿಯಲ್ಲಿ ಯಂತ್ರದ ಹತ್ತಿರ ಆದದ್ದು ಇದರಲ್ಲಿ ಬರುತ್ತದೆ. ಮಲ್ಪೆಯ ಮರಳಿನಲ್ಲಿ ಆದದ್ದು ಬರುವುದಿಲ್ಲ. ಸೋಮವಾರ ರಾತ್ರಿಯ ವಾಪಸ್ ಬಸ್ಸು? ಶುಕ್ರವಾರ ರಾತ್ರಿಯಾದರೆ ಕೆಲಸದ ಪ್ರಯಾಣ ಎಂದು ವಾದಿಸುವುದು ಸುಲಭ. ನಡುವೆ ಮೂರು ದಿನ ರಜೆ ಬಂದ ಮೇಲೆ ಆ ವಾದ ಸಡಿಲವಾಗುತ್ತದೆ. ಮೇಲ್‌ನಲ್ಲಿ ವಾಪಸ್ ಪ್ರಯಾಣದ ದಿನ, ಹೊರಡುವ ಊರು ಒಪ್ಪಿಗೆಯಾಗಿದ್ದರೆ ನಿಮ್ಮ ಕೈಯಲ್ಲಿ ಏನಾದರೂ ಇರುತ್ತದೆ. ರೈಲಿನಲ್ಲಿ ಹೋಗುವವರು ಟಿಕೆಟ್ ಮಾಡುವಾಗ ಬರುವ 45 ಪೈಸೆಯ ವಿಮೆಗೆ ಹೂಂ ಎನ್ನಿ, ನಾಮಿನಿ ಹೆಸರು ತುಂಬಿ.

ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡು ತಿರುಗಬಹುದಾ?

ನಂಬರ್ ಪ್ಲೇಟ್ ನೋಡಿ. ನೀವೇ ಓಡಿಸಲು ಕೊಡುವ ಬಾಡಿಗೆ ಗಾಡಿಗೆ ಕಪ್ಪು ಪ್ಲೇಟ್, ಹಳದಿ ಅಕ್ಷರ. ವೈಟ್ ಬೋರ್ಡ್ ಎಂದರೆ ಯಾರದೋ ಸ್ವಂತ ಗಾಡಿ. ಅದನ್ನು ಬಾಡಿಗೆಗೆ ಕೊಡುವಂತಿಲ್ಲ. ಬಿದ್ದು ಗಾಡಿ ಹಾಳಾದರೆ ಅದರ ವಿಮೆ ಕಂಪನಿ ಕೈಯೆತ್ತಬಹುದು, ಮಾಲೀಕ ನಿಮ್ಮನ್ನೇ ಹಿಡಿಯುತ್ತಾನೆ. ನಿಮ್ಮ ಲೈಸೆನ್ಸ್‌ನಲ್ಲಿ ದ್ವಿಚಕ್ರ ವಾಹನ ಇರಲೇಬೇಕು. ಕಾರಿನ ಲೈಸೆನ್ಸ್ ಮಾತ್ರ ಇದ್ದು ಸ್ಕೂಟರ್ ಓಡಿಸಿ ಬಿದ್ದರೆ ನಿಮ್ಮ 24 ಗಂಟೆಯ ಅಪಘಾತ ವಿಮೆಗೂ ಅಡ್ಡಿ ಬರುತ್ತದೆ. ಕುಡಿದಿದ್ದರೂ ಅಷ್ಟೇ.

ಸೇಂಟ್ ಮೇರೀಸ್ ದ್ವೀಪಕ್ಕೆ ಮಲ್ಪೆಯಿಂದ ದೋಣಿ ಇದೆ. ಮಳೆಗಾಲದಲ್ಲಿ ಅದನ್ನು ನಿಲ್ಲಿಸುತ್ತಾರೆ. ಆಗ ಯಾರಾದರೂ "ನಾನು ಕರಕೊಂಡು ಹೋಗ್ತೇನೆ" ಎಂದರೆ ಹತ್ತಬೇಡಿ.

ಆಫೀಸಿನ ಲ್ಯಾಪ್‌ಟಾಪ್ ಜೊತೆಗಿದೆ. ಕಳೆದರೆ?

ರಜೆಯ ದಿನ ಬೀಚಿನ ಹತ್ತಿರ ನಿಲ್ಲಿಸಿದ ಕಾರಿನಿಂದ ಹೋದರೆ ಉತ್ತರ ಕೊಡುವುದು ಕಷ್ಟ. ಶುಕ್ರವಾರ ಸಂಜೆ ಲ್ಯಾಪ್‌ಟಾಪ್, ಅಳತೆಯ ಉಪಕರಣಗಳನ್ನು ಇಲ್ಲಿಯ ಸ್ಟೋರ್ಸ್‌ಗೆ ಕೊಟ್ಟು ರಸೀದಿ ಪಡೆಯಿರಿ. ನಾವು ಕೊರಿಯರ್‌ನಲ್ಲಿ ಕಳಿಸುತ್ತೇವೆ.

ಕೆಲಸವೇ ಮುಂದೆ ಹೋಯಿತು. ನನ್ನ ಉಡುಪಿ ರೂಮಿನ ದುಡ್ಡು ಯಾರು ಕೊಡುತ್ತಾರೆ?

ಯಾರೂ ಕೊಡುವುದಿಲ್ಲ. ಆಫೀಸಿನ ಟಿಕೆಟ್ ರದ್ದಾದ ಶುಲ್ಕ ಆಫೀಸಿನದು. ನಿಮ್ಮ ರೂಮು, ಮನೆಯವರ ಟಿಕೆಟ್ ನಿಮ್ಮದು. ಸ್ವಲ್ಪ ಜಾಸ್ತಿ ಆದರೂ ಹಿಂದಿನ ದಿನದವರೆಗೆ ರದ್ದು ಮಾಡಬಹುದಾದ ರೂಮು ತೆಗೆದುಕೊಳ್ಳಿ. ಯಂತ್ರದ ಕೆಲಸ ಒಂದು ದಿನ ಜಾಸ್ತಿ ಹಿಡಿಯುವುದು ಮಾಮೂಲು, ನಮ್ಮ ಇಂಜಿನಿಯರ್‌ನ ಬೇರಿಂಗ್ ಒಂದು ಗುರುವಾರ ಬರದಿದ್ದರೆ ಅವರ ಶನಿವಾರ ಬೈಕಂಪಾಡಿಯಲ್ಲೇ ಕಳೆಯುತ್ತಿತ್ತು.

ರಜೆಯ ದಿನದ ಖರ್ಚನ್ನೂ ಆಫೀಸೇ ಕೊಟ್ಟರೆ ತೆರಿಗೆ ಬೀಳುತ್ತದಾ?

ಬೀಳುತ್ತದೆ. 1962ರ ಆದಾಯ ತೆರಿಗೆ ನಿಯಮಗಳ 3ನೇ ನಿಯಮದಲ್ಲಿ ಇದಕ್ಕೇ ಒಂದು ಮಾತು ಬರೆದಿದ್ದರು: ಅಧಿಕೃತ ಪ್ರವಾಸವನ್ನು ರಜೆಯಾಗಿ ಮುಂದುವರಿಸಿದರೆ, ಮುಂದುವರಿಸಿದ ಅವಧಿಗೆ ಆದ ಖರ್ಚು ಮಾತ್ರ ನೌಕರನಿಗೆ ಸಿಕ್ಕ ಸೌಲಭ್ಯ. ಅದು ಸಂಬಳಕ್ಕೆ ಸೇರುತ್ತದೆ. ಕೆಲಸದ ದಿನಗಳ ಖರ್ಚಿಗೆ ಅದು ತಾಗುವುದಿಲ್ಲ. ಹಾಗಾಗಿ ಮೇಲಧಿಕಾರಿ ಪ್ರೀತಿಯಿಂದ "ಉಡುಪಿ ರೂಮೂ ಹಾಕಿಬಿಡಿ" ಎಂದರೆ ಸಂತೋಷ, ಆದರೆ ನಾನು ಅದನ್ನು ಬೇರೆ ಸಾಲಿನಲ್ಲಿ ಬರೆದು ಸಂಬಳದ ಲೆಕ್ಕಕ್ಕೆ ಕಳಿಸಲೇಬೇಕು.

ನಾನು ಮಂಗಳೂರಿನವನು. ಆಫೀಸ್ ಕೆಲಸಕ್ಕೆ ದುಬೈಗೆ ಹೋಗಿ ಮೂರು ದಿನ ಉಳಿಯುತ್ತೇನೆ. ಇದೇ ಲೆಕ್ಕವಾ?

ದುಡ್ಡಿನದು, ರಜೆಯದು ಇದೇ ಲೆಕ್ಕ. ವಿಮೆ ಬೇರೆ. ಇಲ್ಲಿಯ ಆಸ್ಪತ್ರೆ ಕಾರ್ಡು ಸಾಮಾನ್ಯವಾಗಿ ಭಾರತದೊಳಗೆ ಮಾತ್ರ. ಆಫೀಸು ಮಾಡಿಸುವ ವಿದೇಶ ಪ್ರಯಾಣ ವಿಮೆಗೆ ದಿನಾಂಕ ಇರುತ್ತದೆ, ಅದು ಕೆಲಸದ ದಿನಕ್ಕೇ ಮುಗಿಯಬಹುದು. ಮಾಡಿಸುವಾಗಲೇ ನೀವು ಬಜ್ಪೆಯಲ್ಲಿ ಇಳಿಯುವ ದಿನದವರೆಗೆ ಹಾಕಿಸಿ, ಹೆಚ್ಚಿನ ದಿನದ ಪ್ರೀಮಿಯಂ ನೀವು ಕೊಡಿ. ಅಲ್ಲಿ ಹೋದ ಮೇಲೆ ವಿಸ್ತರಿಸುವುದಾದರೆ ಅವಧಿ ಮುಗಿಯುವ ಮೊದಲೇ ಕೇಳಬೇಕು, ಅಷ್ಟರೊಳಗೆ ಆರೋಗ್ಯ ಕೆಟ್ಟಿದ್ದರೆ ಕೊಡುವುದು ಕಷ್ಟ. ವೀಸಾದ ಕೊನೆಯ ದಿನವನ್ನೂ ನೋಡಿ. ಮೀರಿದರೆ ದಿನದ ಲೆಕ್ಕದಲ್ಲಿ ದಂಡ.

ಬಿಲ್ ಹಾಕುವಾಗ ಏನೇನು ಕೊಡಬೇಕು?

ನಮ್ಮ ಇಂಜಿನಿಯರ್ ಕೊಟ್ಟದ್ದು ಐದು ಕಾಗದ. ಒಪ್ಪಿಗೆಯ ಮೇಲ್, ಮಂಗಳೂರು ಹೋಟೆಲಿನ 5,880ರ ಬಿಲ್, ಮಂಗಳವಾರ ರಾತ್ರಿ ಬಂದ ಬಸ್ಸಿನ ಟಿಕೆಟ್, ಶುಕ್ರವಾರದ 1,100ರ ಸ್ಕ್ರೀನ್‌ಶಾಟ್, ಸೋಮವಾರ ಹೋದ 1,150ರ ಟಿಕೆಟ್. ಕೊನೆಯದರ ಮೇಲೆ ಪೆನ್ಸಿಲ್‌ನಲ್ಲಿ "50 ನನ್ನದು" ಎಂದು ಅವರೇ ಬರೆದಿದ್ದರು. ಭತ್ಯೆ ಬುಧವಾರ, ಗುರುವಾರ, ಶುಕ್ರವಾರಕ್ಕೆ. ಉಡುಪಿಯ ಒಂದು ಚೀಟಿಯೂ ಅದರಲ್ಲಿ ಇರಲಿಲ್ಲ. ನಾನು ಒಂದೂ ಫೋನ್ ಮಾಡದೆ ಅದೇ ದಿನ ಪಾಸ್ ಮಾಡಿದೆ.